ಅಜವಾನ, ಬಡೇಸೋಪು, ಇಂಗು: ಹೊಟ್ಟೆಗೆ ಎಷ್ಟು ಹಿತ, ಎಷ್ಟು ಬರಿಯ ನಂಬಿಕೆ?

(ತಾಯಂದಿರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಶಹಾಬಾದ, ವಾಡಿಯ ಕಲ್ಲುಗಣಿಯ ಕೆಲಸಗಾರರ ಮನೆಯಿರಲಿ, ಚಿತ್ತಾಪುರ, ಸೇಡಂ, ಚಿಂಚೋಳಿಯ ಒಕ್ಕಲಿಗರ ಮನೆಯಿರಲಿ, ಅಡಿಗೆಯ ಕಟ್ಟೆಯ ಮೇಲಿನ ಡಬ್ಬಿಗಳಲ್ಲಿ ಮೂರು ಪದಾರ್ಥಗಳು ಇದ್ದೇ ಇರುತ್ತವೆ: ಅಜವಾನ, ಬಡೇಸೋಪು, ಇಂಗು. ಅಜವಾನಕ್ಕೆ ಕೆಲವರು ಓಮಕಾಳು ಎನ್ನುತ್ತಾರೆ. ಬಡೇಸೋಪಿಗೆ ಸೋಂಪು ಎನ್ನುವವರೂ ಇದ್ದಾರೆ. ನಮ್ಮದು ಜೋಳದ ರೊಟ್ಟಿ, ತೊಗರಿಬೇಳೆ, ಕಡಲೆಹಿಟ್ಟಿನ ಸೀಮೆ. ಬೇಳೆಕಾಳು ಹೆಚ್ಚಾಗಿ ಉಂಡ ಹೊಟ್ಟೆ ಒಮ್ಮೊಮ್ಮೆ ಉಬ್ಬುವುದು ಸಹಜ. ಆಗ ದೊಡ್ಡವರಿಗೆ ಒಂದು ಚಿಟಿಕೆ ಅಜವಾನ, ಊಟವಾದ ಮೇಲೆ ನಾಲ್ಕು ಕಾಳು ಬಡೇಸೋಪು, ಅಳುವ ಕೂಸಿಗೆ ಇಂಗಿನ ನೀರು ಎಂಬ ರೂಢಿ ನಮ್ಮಲ್ಲಿ ತಲೆತಲಾಂತರದಿಂದ ನಡೆದು ಬಂದಿದೆ.

ಈ ರೂಢಿಯನ್ನು ಹೀಗಳೆಯುವುದಕ್ಕಾಗಲಿ, ಹೊಗಳುವುದಕ್ಕಾಗಲಿ ನಾನು ನಿಂತಿಲ್ಲ. ಈ ಮೂರರ ಬಗ್ಗೆ ನಾವು ಹೇಳುವ ಮಾತುಗಳಲ್ಲಿ ಯಾವುದನ್ನು ಮನುಷ್ಯರ ಮೇಲೆ ಪರೀಕ್ಷೆ ಮಾಡಿ ನೋಡಿದ್ದಾರೆ, ಯಾವುದನ್ನು ನೋಡಿಲ್ಲ ಎಂಬುದನ್ನು ಬಿಡಿಸಿ ಹೇಳುವುದಷ್ಟೇ ನನ್ನ ಉದ್ದೇಶ. ಏಕೆಂದರೆ ಈ ವಿಷಯದಲ್ಲಿ ದೊಡ್ಡವರ ಹೊಟ್ಟೆಗೂ ಎಳೆಯ ಕೂಸಿನ ಹೊಟ್ಟೆಗೂ ಬಹಳ ಅಂತರವಿದೆ.

ಪರೀಕ್ಷೆ ಎಂದರೇನು?

ತೊಗರಿಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಹೊಸ ಗೊಬ್ಬರ ಹಾಕಿದ ವರ್ಷ ಬೆಳೆ ಚೆನ್ನಾಗಿ ಬಂದರೆ ಅದು ಗೊಬ್ಬರದ ಗುಣವೋ, ಒಳ್ಳೆಯ ಮಳೆಯ ಗುಣವೋ ಹೇಳಬರುವುದಿಲ್ಲ. ಆದುದರಿಂದ ತಿಳಿದ ರೈತನು ಒಂದೇ ಹೊಲದಲ್ಲಿ ಎರಡು ಪಟ್ಟಿ ಮಾಡಿ, ಒಂದಕ್ಕೆ ಗೊಬ್ಬರ ಹಾಕಿ, ಇನ್ನೊಂದನ್ನು ಹಾಗೆಯೇ ಬಿಡುತ್ತಾನೆ. ಮಳೆ ಎರಡಕ್ಕೂ ಒಂದೇ. ಸುಗ್ಗಿಯಲ್ಲಿ ಎರಡನ್ನೂ ತೂಗಿ ನೋಡಿದರೆ ಗೊಬ್ಬರದ ನಿಜವಾದ ಫಲ ತಿಳಿಯುತ್ತದೆ.

ಹೊಟ್ಟೆಯ ವಿಷಯದಲ್ಲಿ ಇದು ಇನ್ನೂ ಅವಶ್ಯಕ. ಹೊಟ್ಟೆಯುಬ್ಬರ ತಾನಾಗಿ ಬರುತ್ತದೆ, ಎರಡು ತಾಸಿನಲ್ಲಿ ತಾನಾಗಿ ಹೋಗುತ್ತದೆ. ಆ ಎರಡು ತಾಸಿನ ನಡುವೆ ಏನನ್ನು ತಿಂದರೂ ಅದಕ್ಕೇ ಕೀರ್ತಿ ಬರುತ್ತದೆ. ಆದುದರಿಂದ ಪರೀಕ್ಷಕರು ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ ಔಷಧವನ್ನೂ ಇನ್ನೊಂದಕ್ಕೆ ನೋಡಲು ಅದರಂತೆಯೇ ಇರುವ, ಆದರೆ ಔಷಧವಿಲ್ಲದ ವಸ್ತುವನ್ನೂ ಕೊಡುತ್ತಾರೆ. ಯಾರಿಗೆ ಯಾವುದು ಸಿಕ್ಕಿತೆಂಬುದು ಕೊನೆಯ ತನಕ ರೋಗಿಗೂ ತಿಳಿಯದು, ನೋಡುವ ವೈದ್ಯರಿಗೂ ತಿಳಿಯದು. ಈ ಅಳತೆಗೋಲನ್ನು ಕೈಯಲ್ಲಿ ಹಿಡಿದು ನಮ್ಮ ಮೂರು ಡಬ್ಬಿಗಳನ್ನು ತೆರೆಯೋಣ.

ಬಡೇಸೋಪು

ಮೂರರಲ್ಲಿ ಹೆಚ್ಚು ಪರೀಕ್ಷೆಗೆ ಒಳಗಾದದ್ದು ಬಡೇಸೋಪು. ರಷ್ಯಾ ದೇಶದ ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿ ಎರಡರಿಂದ ಹನ್ನೆರಡು ವಾರದ ಒಳಗಿನ, ಬಹಳ ಅಳುವ 125 ಕೂಸುಗಳ ಮೇಲೆ ಒಂದು ಪರೀಕ್ಷೆ ನಡೆಯಿತು. ಅದರ ವರದಿ 2003ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಬಡೇಸೋಪಿನ ಎಣ್ಣೆಯನ್ನು ನೀರಿನಲ್ಲಿ ಬೆರೆಸಿದ ಮಿಶ್ರಣ, ಇನ್ನೊಂದಕ್ಕೆ ಎಣ್ಣೆಯಿಲ್ಲದ ಅದೇ ತರಹದ ನೀರು. ಕೂಸು ಒಂದು ವಾರದಲ್ಲಿ ಒಟ್ಟು ಒಂಬತ್ತು ತಾಸಿಗಿಂತ ಕಡಿಮೆ ಅತ್ತರೆ ಗುಣವಾಯಿತೆಂದು ಲೆಕ್ಕ.

ಕೊನೆಗೆ ಲೆಕ್ಕ ತೆಗೆದಾಗ ಬಡೇಸೋಪಿನ ಗುಂಪಿನ 62 ಕೂಸುಗಳಲ್ಲಿ 40ಕ್ಕೆ ಗುಣ ಕಂಡಿತ್ತು. ಬರಿಯ ನೀರಿನ ಗುಂಪಿನ 59ರಲ್ಲಿ 14ಕ್ಕೆ ಗುಣ ಕಂಡಿತ್ತು. ನೂರಕ್ಕೆ ಲೆಕ್ಕ ಹಾಕಿದರೆ ಒಂದು ಕಡೆ 65, ಇನ್ನೊಂದು ಕಡೆ 24. ಈ ಎರಡನೆಯ ಅಂಕಿಯನ್ನು ಮರೆಯಬೇಡಿರಿ. ಔಷಧವೇನೂ ಇಲ್ಲದ ನೀರು ಕುಡಿದ ನಾಲ್ಕು ಕೂಸುಗಳಲ್ಲಿ ಸುಮಾರು ಒಂದು ತಾನಾಗಿಯೇ ಸುಮ್ಮನಾಗಿದೆ. "ನಮ್ಮ ಕೂಸಿಗೆ ಕೊಟ್ಟೆವು, ಗುಣವಾಯಿತು" ಎಂಬ ಒಂದೇ ಮಾತಿನಿಂದ ಏನೂ ಸಿದ್ಧವಾಗುವುದಿಲ್ಲವೆಂಬುದಕ್ಕೆ ಇದೇ ಸಾಕ್ಷಿ. ಆದರೂ ಎರಡು ಗುಂಪುಗಳ ನಡುವಿನ ಅಂತರ ಚಿಕ್ಕದಲ್ಲ. ಬಡೇಸೋಪಿನ ಎಣ್ಣೆಯಲ್ಲಿ ಏನೋ ಗುಣವಿದೆಯೆಂದು ಒಪ್ಪಬೇಕು.

ಹಾಗಾದರೆ ಮನೆಯಲ್ಲಿ ಸೋಪು ಕುದಿಸಿ ಕೂಸಿಗೆ ಕುಡಿಸಬಹುದೇ? ಕುಡಿಸಬಾರದು. ಇದಕ್ಕೆ ಮೂರು ಕಾರಣಗಳಿವೆ. ಮೊದಲನೆಯದು, ಅಲ್ಲಿ ಕೊಟ್ಟದ್ದು ಸಾವಿರದಲ್ಲಿ ಒಂದು ಪಾಲು ಎಣ್ಣೆಯಿರುವಂತೆ ಅಳೆದು ಮಾಡಿದ ಮಿಶ್ರಣ. ನಮ್ಮ ಪಾತ್ರೆಯಲ್ಲಿ ಎಷ್ಟು ಎಣ್ಣೆ ಇಳಿಯಿತೆಂದು ಅಳೆಯುವವರು ಯಾರು? ಎರಡನೆಯದು, ಬಡೇಸೋಪಿನಲ್ಲಿ ಎಸ್ಟ್ರಾಗೋಲ್ ಎಂಬ ಅಂಶವಿದೆ. ಅದನ್ನು ಹೆಚ್ಚು ಪ್ರಮಾಣದಲ್ಲಿ ತಿನ್ನಿಸಿದ ಇಲಿಜಾತಿಯ ಪ್ರಾಣಿಗಳ ಯಕೃತ್ತಿನಲ್ಲಿ ಗಡ್ಡೆಗಳು ಕಂಡವು. ದೊಡ್ಡವರು ಊಟದ ಮೇಲೆ ಜಗಿಯುವ ಚಿಟಿಕೆ ಸೋಪಿಗೆ ಹೆದರಬೇಕಾಗಿಲ್ಲ. ಆದರೆ ಯುರೋಪಿನ ಔಷಧ ಸಂಸ್ಥೆಯು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಸೋಪಿನ ಕಷಾಯ ಬೇಡವೆಂದು ಹೇಳಿದೆ. ಮೂರನೆಯದೇ ದೊಡ್ಡ ಕಾರಣ: ಆರು ತಿಂಗಳು ತುಂಬುವ ತನಕ ಕೂಸಿಗೆ ಎದೆಹಾಲಿನ ಹೊರತು ನೀರು ಸಹ ಬೇಡ. ಬೇಸಿಗೆಯಲ್ಲಿ ಸಹ ಬೇಡ. ಕಷಾಯದೊಂದಿಗೆ ಬಾಟಲಿಯ ಕೊಳೆ ಹೋಗುತ್ತದೆ, ಆ ಚಿಕ್ಕ ಹೊಟ್ಟೆಯಲ್ಲಿ ಹಾಲಿಗೆ ಸ್ಥಳ ಉಳಿಯುವುದಿಲ್ಲ.

ದೊಡ್ಡವರ ವಿಷಯ ಬೇರೆ. ಇಟಲಿಯಲ್ಲಿ ಕರುಳಿನ ಬಹುದಿನದ ನೋವು, ಉಬ್ಬರ ಇದ್ದ 121 ಜನರ ಮೇಲೆ ಮೂವತ್ತು ದಿನದ ಪರೀಕ್ಷೆಯೊಂದು ನಡೆದು 2016ರಲ್ಲಿ ಪ್ರಕಟವಾಯಿತು. ಸೋಪಿನ ಎಣ್ಣೆಯನ್ನೂ ಅರಿಶಿನದ ಸತ್ತ್ವವನ್ನೂ ಕೂಡಿಸಿ ಕೊಟ್ಟವರ ಬಾಧೆ ಸುಮಾರು ಅರ್ಧದಷ್ಟು ಇಳಿಯಿತು. ಬರಿಯ ಗುಳಿಗೆ ತಿಂದವರದು ಸುಮಾರು ಕಾಲು ಭಾಗ ಇಳಿಯಿತು. ಆದರೆ ಎರಡನ್ನೂ ಕೂಡಿಸಿ ಕೊಟ್ಟದ್ದರಿಂದ ಕೀರ್ತಿ ಯಾವುದಕ್ಕೆ ಸಲ್ಲಬೇಕೆಂದು ಹೇಳಬರುವುದಿಲ್ಲ. ದೊಡ್ಡವರಿಗೆ ಸೋಪಿನ ಕಷಾಯವನ್ನು ಅದೇ ಯುರೋಪಿನ ಸಂಸ್ಥೆಯೂ ಪರೀಕ್ಷೆಯ ಬಲದಿಂದಲ್ಲ, ದೀರ್ಘ ಕಾಲದ ಬಳಕೆಯ ಬಲದಿಂದ ಒಪ್ಪಿದೆ. ಹೊಟ್ಟೆ ಹಿಡಿದಂತಾಗುವ ದೊಡ್ಡವರು ಕುಟ್ಟಿದ ಸೋಪು ಎರಡು ಗ್ರಾಂ, ಎಂದರೆ ಒಂದು ಚಹಾ ಚಮಚದಷ್ಟನ್ನು, ಕಾಲು ಲೀಟರ್ ಕುದಿಯುವ ನೀರಿಗೆ ಹಾಕಿ, ಕಾಲು ತಾಸು ಮುಚ್ಚಿಟ್ಟು, ಸೋಸಿ ಕುಡಿಯಬಹುದು. ದಿನಕ್ಕೆ ಮೂರು ಸಲ ಮೀರಬಾರದು. ಎರಡು ವಾರದಲ್ಲಿ ಗುಣ ಕಾಣದಿದ್ದರೆ ವೈದ್ಯರನ್ನು ಕಾಣತಕ್ಕದ್ದು. ಬಸುರಿಯರಿಗೆ, ಹಾಲೂಡಿಸುವ ತಾಯಂದಿರಿಗೆ ಈ ಕಷಾಯ ಬೇಡ.

ಅಜವಾನ

ಅಜವಾನದ ಬಗ್ಗೆ ನಮ್ಮ ರಾಜ್ಯದಲ್ಲಿಯೇ ಕೆಲಸ ನಡೆದಿದೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ಕಲ್ಪನಾ ಪ್ಲಾಟೆಲ್ ಮತ್ತು ಕೆ. ಶ್ರೀನಿವಾಸನ್ ಅವರು ನಮ್ಮ ಅಡಿಗೆಯ ಸಾಂಬಾರ ಪದಾರ್ಥಗಳನ್ನು ಒಂದೊಂದಾಗಿ ಇಲಿಗಳ ಆಹಾರದಲ್ಲಿ ಬೆರೆಸಿ, ಅವು ಜೀರ್ಣಶಕ್ತಿಯ ಮೇಲೆ ಏನು ಮಾಡುತ್ತವೆಂದು ವರ್ಷಗಟ್ಟಲೆ ನೋಡಿದರು. 2001ರಲ್ಲಿ ಪ್ರಕಟವಾದ ಅವರ ಲೇಖನದ ಪ್ರಕಾರ ಅಜವಾನ, ಇಂಗು, ಜೀರಿಗೆ, ಶುಂಠಿ ಮುಂತಾದವನ್ನು ತಿಂದ ಇಲಿಗಳಲ್ಲಿ ಆಹಾರವು ಹೊಟ್ಟೆ ಕರುಳುಗಳನ್ನು ದಾಟಿ ಹೋಗುವ ಸಮಯ ಕಡಿಮೆಯಾಯಿತು. ಮೆಂತೆ, ಸಾಸಿವೆಗಳಲ್ಲಿ ಆ ಗುಣ ಕಾಣಲಿಲ್ಲ.

ಇದು ಅಜ್ಜಿಯರ ಮಾತಿಗೆ ಒಂದು ಆಧಾರ. ಆದರೆ ಇಲಿ ಇಲಿಯೇ, ಮನುಷ್ಯ ಮನುಷ್ಯನೇ. ಇಲಿಯ ಆಹಾರ ಬೇಗ ಮುಂದೆ ಸಾಗಿತು ಎಂದ ಮಾತ್ರಕ್ಕೆ ಮನುಷ್ಯನ ಹೊಟ್ಟೆನೋವು ನಿಂತಿತು ಎಂದಾಗುವುದಿಲ್ಲ. ಮನುಷ್ಯರ ಮೇಲಿನ ಪರೀಕ್ಷೆಗಳಲ್ಲಿ ಅಜವಾನವನ್ನು ಶುಂಠಿ ಮುಂತಾದವುಗಳ ಜೊತೆ ಕೂಡಿಸಿ ಕೊಟ್ಟಿರುವುದುಂಟು. ಒಂದು ಚಿಟಿಕೆ ಅಜವಾನ, ಒಂದು ಹರಳು ಉಪ್ಪು ಎಂಬ ನಮ್ಮ ಮನೆಮದ್ದಿಗೆ ಅವು ಸಾಕ್ಷಿಯಾಗಲಾರವು. ಆದುದರಿಂದ "ಹಿತವೆನಿಸಿದರೆ ತಿನ್ನಿರಿ, ಔಷಧವೆಂದು ನಂಬಿ ಕೂಡಬೇಡಿರಿ" ಎಂದಷ್ಟೇ ಹೇಳಬಹುದು.

ಇನ್ನೊಂದು ಮಾತು ಊರೂರಲ್ಲಿ ಕೇಳುತ್ತೇವೆ: ಅಜವಾನ ತಿಂದರೆ ಹೊಟ್ಟೆಯ ಹುಳು ಸಾಯುತ್ತದೆ. ಈ ಮಾತಿನ ಬೆನ್ನಿಗೆ ಒಂದು ನಿಜವಾದ ಚರಿತ್ರೆಯಿದೆ. ಅಜವಾನದ ಎಣ್ಣೆಯಿಂದ ಥೈಮಾಲ್ ಎಂಬ ಹರಳನ್ನು ತೆಗೆಯುತ್ತಾರೆ. ಸುಮಾರು ನೂರು ವರ್ಷಗಳ ಹಿಂದೆ ಕೊಕ್ಕೆಹುಳುವಿಗೆ ವೈದ್ಯರು ಈ ಥೈಮಾಲನ್ನೇ ಕೊಡುತ್ತಿದ್ದರು. ದೊಡ್ಡವರಿಗೆ ಒಂದು ದಿನದ ಪ್ರಮಾಣ ಸುಮಾರು ನಾಲ್ಕು ಗ್ರಾಂ. ಹುಳು ಬೀಳುತ್ತಿತ್ತು, ಆದರೆ ಔಷಧ ರೋಗಿಗೂ ವಿಷವಾಗುತ್ತಿದ್ದುದುಂಟು. ಆದುದರಿಂದಲೇ ಅದನ್ನು ಬಿಟ್ಟುಬಿಟ್ಟರು.

ಈಗ ಮನೆಯ ಲೆಕ್ಕ ನೋಡೋಣ. ನೂರು ಗ್ರಾಂ ಅಜವಾನದಲ್ಲಿ ಎಣ್ಣೆ ಹೆಚ್ಚೆಂದರೆ ನಾಲ್ಕು ಗ್ರಾಂ. ಅದರಲ್ಲಿ ಥೈಮಾಲ್ ಅರ್ಧ ಎಂದು ಹಿಡಿಯೋಣ, ಎರಡು ಗ್ರಾಂ. ನಾಲ್ಕು ಗ್ರಾಂ ಥೈಮಾಲ್ ಬೇಕಾದರೆ ಇನ್ನೂರು ಗ್ರಾಂ ಅಜವಾನವನ್ನು ಒಂದೇ ದಿನ ತಿನ್ನಬೇಕು. ಎರಡು ಗ್ರಾಂ ಹಿಡಿಯುವ ಒಂದು ಚಮಚದಲ್ಲಿ ಆ ಪ್ರಮಾಣದ ನೂರನೆಯ ಒಂದು ಪಾಲು ಮಾತ್ರ ಇರುತ್ತದೆ. ಅಷ್ಟಕ್ಕೆ ಹುಳು ಸಾಯುವುದಿಲ್ಲ. ಇನ್ನೂರು ಗ್ರಾಂ ತಿಂದರೆ ಅದು ಮನುಷ್ಯನಿಗೇ ವಿಷವಾಗಬಹುದು. ಹುಳುವಿಗೆ ಅಲ್ಬೆಂಡಜೋಲ್ ಗುಳಿಗೆಯಿದೆ. 2015ರಿಂದ ನಡೆಯುತ್ತಿರುವ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದ ಕಾರ್ಯಕ್ರಮದಲ್ಲಿ ಶಾಲೆ, ಅಂಗನವಾಡಿಗಳಲ್ಲಿ ಅದನ್ನು ಪುಕ್ಕಟೆ ಕೊಡುತ್ತಾರೆ. ಎರಡು ವರ್ಷ ಮೀರಿದ ಮಕ್ಕಳಿಗೆ 400 ಮಿಲಿಗ್ರಾಂನ ಒಂದು ಗುಳಿಗೆ, ಒಂದರಿಂದ ಎರಡು ವರ್ಷದವರಿಗೆ ಅರ್ಧ ಗುಳಿಗೆ, ಪುಡಿ ಮಾಡಿ ನೀರಿನಲ್ಲಿ ಕಲಸಿ.

ಇಂಗು

ಇಂಗಿನ ವಿಷಯದಲ್ಲಿ ನಮ್ಮ ದೇಶದ ಒಂದು ಪರೀಕ್ಷೆಯ ವರದಿ 2018ರಲ್ಲಿ ಪ್ರಕಟವಾಗಿದೆ. ಊಟವಾದೊಡನೆ ಹೊಟ್ಟೆ ಭಾರ, ಉಬ್ಬರ, ಎದೆಯ ಕೆಳಗೆ ಉರಿ ಇರುವ, ಆದರೆ ಬೇರೆ ರೋಗವಿಲ್ಲದ 43 ಜನರಲ್ಲಿ ಕೆಲವರಿಗೆ ಇಂಗಿನಿಂದ ಮಾಡಿದ 250 ಮಿಲಿಗ್ರಾಂ ಔಷಧವನ್ನು ದಿನಕ್ಕೆ ಎರಡು ಸಲ ಮೂವತ್ತು ದಿನ ಕೊಟ್ಟರು. ಉಳಿದವರಿಗೆ ಬರಿಯ ಗುಳಿಗೆ. ಇಂಗು ಪಡೆದವರಿಗೆ ಹೆಚ್ಚು ಗುಣ ಕಂಡಿತು. ಶುಭವಾರ್ತೆಯೇ, ಆದರೆ ನಲವತ್ಮೂರು ಜನ ಬಹಳ ಕಡಿಮೆ. ಇನ್ನೂ ದೊಡ್ಡ ಪರೀಕ್ಷೆಗಳು ಅದೇ ಫಲ ಕೊಟ್ಟರೆ ಮಾತು ಗಟ್ಟಿಯಾದೀತು.

ಇನ್ನೊಂದು ಸಂಗತಿ. ಆ ಔಷಧದಲ್ಲಿದ್ದದ್ದು ವಿಶೇಷವಾಗಿ ತಯಾರಿಸಿದ ಇಂಗು. ನಮ್ಮ ಅಂಗಡಿಯಲ್ಲಿ ಸಿಗುವುದು ಕೂಡಿಸಿದ ಇಂಗು: ಮೈದಾ ಅಥವಾ ಅಕ್ಕಿಹಿಟ್ಟು, ಅಂಟು, ಇವುಗಳಲ್ಲಿ ಸ್ವಲ್ಪ ನಿಜವಾದ ಇಂಗು. ಡಬ್ಬಿಯ ಮೇಲೆ ಬರೆದುದನ್ನು ಓದಿ ನೋಡಿರಿ. ಬೇಳೆಗೆ ಒಗ್ಗರಣೆ ಹಾಕುವುದಕ್ಕೆ ಅದು ಚೆನ್ನ. ಅದರಿಂದ ಪರೀಕ್ಷೆಯ ಫಲವನ್ನು ನಿರೀಕ್ಷಿಸುವುದು ಸರಿಯಲ್ಲ.

ಈಗ ಮುಖ್ಯ ಮಾತಿಗೆ ಬರುತ್ತೇನೆ. 1984ರಲ್ಲಿ ಅಮೆರಿಕದ ಮಕ್ಕಳ ವೈದ್ಯಪತ್ರಿಕೆಯಲ್ಲಿ ಒಂದು ಕೂಸಿನ ವೃತ್ತಾಂತ ಪ್ರಕಟವಾಯಿತು. ಐದು ವಾರದ ಗಂಡು ಕೂಸು. ಮನೆಯವರು ಹೊಟ್ಟೆಶೂಲೆಗೆಂದು ಇಂಗಿನ ದ್ರವವನ್ನು ಕುಡಿಸಿದ್ದರು. ಕೂಸಿನ ರಕ್ತ ಕೆಟ್ಟು, ಉಸಿರಾಡಿದ ಗಾಳಿಯ ಸತ್ತ್ವವನ್ನು ಮೈಗೆ ಒಯ್ಯಲಾರದ ಸ್ಥಿತಿಗೆ ಬಂದಿತ್ತು. ಎಳೆಗೂಸಿನ ರಕ್ತದ ಕೆಂಪು ವಸ್ತು ದೊಡ್ಡವರದಕ್ಕಿಂತ ಬೇರೆ ಜಾತಿಯದು. ವೈದ್ಯರು ಪ್ರಯೋಗಾಲಯದಲ್ಲಿ ನೋಡಿದಾಗ ಇಂಗು ಕೂಸಿನ ಜಾತಿಯ ರಕ್ತವನ್ನು ಕೆಡಿಸಿತು, ದೊಡ್ಡವರ ಜಾತಿಯದನ್ನು ಕೆಡಿಸಲಿಲ್ಲ. ಅಜ್ಜಿ ಉಂಡು ಅರಗಿಸಿಕೊಂಡ ಇಂಗು ಮೊಮ್ಮಗನಿಗೆ ವಿಷವಾಗಬಹುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ. ಇಂತಹ ಕೂಸಿನ ತುಟಿ, ಉಗುರು ನೀಲಿ ಅಥವಾ ಬೂದಿ ಬಣ್ಣಕ್ಕೆ ತಿರುಗುತ್ತವೆ. ಕಂಡೊಡನೆ ಆಸ್ಪತ್ರೆಗೆ ಓಡಬೇಕು. ಏನು ಕುಡಿಸಿದೆವೆಂಬುದನ್ನು ಮುಚ್ಚಿಡದೆ ಹೇಳಬೇಕು. ಹೇಳಿದರೆ ವೈದ್ಯರಿಗೆ ಚಿಕಿತ್ಸೆ ಗೊತ್ತಿದೆ.

ಹೊಕ್ಕುಳ ಸುತ್ತ ಇಂಗು ಹಚ್ಚುವ ರೂಢಿಯ ಬಗ್ಗೆ ಹಲವರು ಕೇಳುತ್ತಾರೆ. ಬಾಯಿಗೆ ಹಾಕುವಷ್ಟು ಅಪಾಯ ಅದರಲ್ಲಿಲ್ಲ. ಆದರೆ ಹೊಕ್ಕುಳ ಹಸಿಯಿರುವಾಗ ಏನನ್ನೂ ಹಚ್ಚಬಾರದು, ಬಿಸಿ ಮಾಡಿ ಹಚ್ಚಲೇಬಾರದು. ಹಚ್ಚಿದಾಗ ಕೂಸು ಸುಮ್ಮನಾದರೆ ಅದು ತಾಯಿಯ ಬೆಚ್ಚನೆಯ ಕೈ ಹೊಟ್ಟೆಯ ಮೇಲೆ ಆಡಿದ ಸುಖವೂ ಇರಬಹುದು. ಆ ಸುಖವನ್ನು ಇಂಗಿಲ್ಲದೆಯೂ ಕೊಡಬಹುದು.

ಒಂದು ಮನೆಯ ಮಾತು

ಒಂದು ಮನೆಗೆ ಹೋಗಿದ್ದೆ. ಆರು ವಾರದ ಕೂಸು. ಸಂಜೆಯಾದರೆ ಅಳು. ಸೊಸೆಯ ಕಣ್ಣಿಗೆ ನಿದ್ದೆಯಿಲ್ಲ. ಅತ್ತೆ ಒಳಗಿನಿಂದ ಬಟ್ಟಲು ತಂದರು.

"ಅಕ್ಕಾರೆ, ನಮ್ಮ ಕಾಲದಾಗ ಇಂಗಿನ ನೀರು ಕೊಟ್ಟೇ ಐದು ಮಕ್ಕಳನ್ನ ಬೆಳೆಸೀನ್ರಿ. ಈಗ ಯಾಕ ಬ್ಯಾಡ ಅಂತೀರಿ?"

"ನೀವು ಬೆಳೆಸಿದ್ದು ನಿಮ್ಮ ಎದೆಹಾಲಿನಿಂದ್ರಿ ಅಮ್ಮಾ, ಇಂಗಿನಿಂದ ಅಲ್ಲ. ಬಟ್ಟಲು ಕೆಳಗಿಡ್ರಿ, ಮೊದಲು ಕೂಸಿನ್ನ ನೋಡೋಣ" ಎಂದೆ.

ನಾನು ಕೇಳಿದ್ದು ಇಷ್ಟೇ. ಜ್ವರವಿದೆಯೇ? ಇಲ್ಲ. ಹಸಿರು ವಾಂತಿ, ಮಲದಲ್ಲಿ ರಕ್ತ? ಇಲ್ಲ. ಹೊಟ್ಟೆ ಕಲ್ಲಿನಂತೆ ಬಿಗಿದಿದೆಯೇ? ಮುಟ್ಟಿ ನೋಡಿದರೆ ಮೆತ್ತಗಿತ್ತು. ಹಾಲು ಕುಡಿಯುತ್ತದೆಯೇ? ಚೆನ್ನಾಗಿ. ದಿನಕ್ಕೆ ಎಷ್ಟು ಸಲ ಬಟ್ಟೆ ಒದ್ದೆ? ಏಳೆಂಟು ಸಲ. ತೂಕ ಏರುತ್ತಿದೆಯೇ? ತಾಯಿ ಕಾರ್ಡಿನಲ್ಲಿ ಏರುತ್ತಿತ್ತು. ಹಾಗಾದರೆ ಇದು ರೋಗವಲ್ಲ. ಎಳೆಯ ಕೂಸುಗಳಲ್ಲಿ ಆರು ವಾರದ ಹೊತ್ತಿಗೆ ಏರಿ, ಮೂರು ನಾಲ್ಕು ತಿಂಗಳಿಗೆ ತಾನಾಗಿ ಇಳಿಯುವ ಸಂಜೆಯ ಅಳು.

ಸೊಸೆಗೆ ಹೇಳಿದೆ: ಒಂದು ಎದೆ ಪೂರ್ತಿ ಖಾಲಿಯಾದ ಮೇಲೆ ಇನ್ನೊಂದಕ್ಕೆ ಹಾಕು. ಪ್ರತಿ ಸಲ ಕುಡಿಸಿದ ಮೇಲೆ ಹೆಗಲಿಗೆ ಹಾಕಿ, ತೇಗು ಬರುವ ತನಕ ಬೆನ್ನು ತಟ್ಟು. ಅತ್ತಾಗ ಎದೆಗೆ ಅವಚಿಕೊಂಡು ಅಂಗಳದಲ್ಲಿ ತಿರುಗಾಡು. ಅತ್ತೆಗೂ ಹೇಳಿದೆ: ಸಂಜೆಯ ಎರಡು ತಾಸು ಕೂಸು ನಿಮ್ಮ ಹೆಗಲ ಮೇಲೆ ಇರಲಿ, ಸೊಸೆ ಮಲಗಲಿ. ಆ ಮನೆಯಲ್ಲಿ ಬೇಕಾಗಿದ್ದ ಔಷಧ ಅದೇ. ಎರಡು ತಿಂಗಳ ನಂತರ ಹೋದಾಗ ಕೂಸು ನನ್ನನ್ನು ನೋಡಿ ನಕ್ಕಿತು. ಇಂಗಿನ ನೀರು ಕೊಟ್ಟಿದ್ದರೂ ಅಷ್ಟರಲ್ಲಿ ಅಳು ನಿಲ್ಲುತ್ತಿತ್ತು, ಕೀರ್ತಿ ಇಂಗಿಗೆ ಹೋಗುತ್ತಿತ್ತು.

ಆ ಪ್ರಶ್ನೆಗಳಲ್ಲಿ ಒಂದಕ್ಕಾದರೂ ಉತ್ತರ ಬೇರೆಯಾಗಿದ್ದರೆ, ಎಂದರೆ ಜ್ವರ, ಹಸಿರು ವಾಂತಿ, ರಕ್ತ, ಬಿಗಿದ ಹೊಟ್ಟೆ, ಹಾಲು ಬಿಟ್ಟಿರುವುದು, ಮೂತ್ರ ಕಡಿಮೆಯಾಗಿರುವುದು ಇದ್ದಿದ್ದರೆ, ಅದೇ ಗಳಿಗೆಯಲ್ಲಿ ತಾಲ್ಲೂಕು ಆಸ್ಪತ್ರೆಗೆ ಕಳಿಸುತ್ತಿದ್ದೆ. 108ಕ್ಕೆ ಕರೆ ಮಾಡಿದರೆ ಗಾಡಿ ಬರುತ್ತದೆ. ಕಷಾಯ ಕಾಯಿಸುತ್ತ ಕೂತರೆ ಅಂತಹ ಕೂಸು ಕೈ ಬಿಟ್ಟುಹೋಗುತ್ತದೆ.

ದೊಡ್ಡವರಲ್ಲೂ ಇದೇ ಮಾತು. "ಗ್ಯಾಸು" ಎಂದು ಅಜವಾನ ಜಗಿಯುತ್ತ ಕುಳಿತವನಿಗೆ ಎದೆಯ ನಡುವೆ ಒತ್ತಿದಂತಾಗಿ, ಬೆವರು ಬಂದು, ನೋವು ದವಡೆಗೋ ತೋಳಿಗೋ ಹರಿದರೆ ಅದು ಹೊಟ್ಟೆಯದಲ್ಲ, ಹೃದಯದ್ದಿರಬಹುದು. ಅಲ್ಲಿ ಒಂದೊಂದು ನಿಮಿಷಕ್ಕೂ ಬೆಲೆಯಿದೆ. ಮಲ ಡಾಂಬರಿನಂತೆ ಕಪ್ಪಾದರೆ, ಕಾರಣವಿಲ್ಲದೆ ತೂಕ ಇಳಿದರೆ, ನುಂಗಲು ತೊಡಕಾದರೆ ಮನೆಮದ್ದು ಸಾಕು ಮಾಡಿರಿ. ಭೇದಿಯಾದರೆ ಅಜವಾನವಲ್ಲ, ಓ.ಆರ್.ಎಸ್. ನೀರು ಕೊಡಿರಿ, ಮಕ್ಕಳಿಗೆ ಅದರ ಜೊತೆ ಜಿಂಕ್ ಗುಳಿಗೆಯೂ ಬೇಕು. ಆಶಾ ಕಾರ್ಯಕರ್ತೆಯನ್ನು ಕೇಳಿರಿ.

ಮೂರು ಡಬ್ಬಿಗಳೂ ತಮ್ಮ ಸ್ಥಳದಲ್ಲಿಯೇ ಇರಲಿ. ದೊಡ್ಡವರಿಗೆ ಬಡೇಸೋಪಿಗೂ ಇಂಗಿಗೂ ಸ್ವಲ್ಪ ಸಾಕ್ಷಿಯಿದೆ. ಅಜವಾನಕ್ಕೆ ಇಲಿಗಳ ಸಾಕ್ಷಿಯಿದೆ, ಮನುಷ್ಯರದು ಬರಬೇಕಾಗಿದೆ. ಆರು ತಿಂಗಳ ಒಳಗಿನ ಕೂಸಿನ ಬಾಯಿಗೆ ಮಾತ್ರ ಈ ಮೂರರಲ್ಲಿ ಒಂದೂ ಹೋಗದಿರಲಿ. ಇಂದು ಮನೆಗೆ ಹೋದೊಡನೆ ಅಕ್ಕಪಕ್ಕದಲ್ಲಿ ಎಳೆಗೂಸು ಇರುವ ಮನೆಗೆ ಈ ಒಂದು ಮಾತನ್ನು ಮುಟ್ಟಿಸಿರಿ.